ಭಾವನ ಎರಡು ಲಾಟ್: ಓಪನ್ ಇಂಟರೆಸ್ಟ್ ಕಮ್ಮಿ ಆದದ್ದು ಕಂಡಿತು, ಹೋದದ್ದು ಎಲ್ಲಿಗೆ ಅಂತ ಕಾಣ್ಲಿಲ್ಲ

ಆ ಸೋಮವಾರ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮಂಗಳೂರಿಂದ ಭಾವ ಫೋನ್ ಮಾಡಿದ್ರು. ಅವರ ಕೈಲಿ ಒಂದು ಕಂಪನಿಯ ಶೇರಿನ ಫ್ಯೂಚರ್ಸ್ ಎರಡು ಲಾಟ್ ಇತ್ತು, ಅಂದ್ರೆ ಇಂಥ ದಿನಕ್ಕೆ ಇಂಥ ರೇಟಿಗೆ ಶೇರ್ ಕೊಳ್ತೇನೆ ಅಂತ ಮಾಡಿದ ಮಾತು. ಮರುದಿನ ಮಂಗಳವಾರ ಅದರ ಎಕ್ಸ್‌ಪೈರಿ, ಅವಧಿ ಮುಗಿಯುವ ದಿನ. "ನೋಡು, ರೇಟೂ ಇಳಿದಿದೆ, ಓಪನ್ ಇಂಟರೆಸ್ಟೂ ಇಳಿದಿದೆ, ಆ್ಯಪಲ್ಲಿ ಲಾಂಗ್ ಅನ್‌ವೈಂಡಿಂಗ್ ಅಂತ ಕೆಂಪಲ್ಲಿ ತೋರಿಸ್ತಾ ಉಂಟು. ಹೆದರಿದವ್ರೆಲ್ಲ ಮಾರಿ ಹೋಗಿ ಆಯ್ತಲ್ಲ, ಇನ್ನು ಮಾರ್ಲಿಕ್ಕೆ ಜನ ಎಲ್ಲಿದ್ದಾರೆ? ನಾನು ಎರಡೂ ಲಾಟನ್ನು ಮುಂದಿನ ತಿಂಗಳಿಗೆ ಹಾಕಿದೆ." ನಾನು ಉಡುಪಿಯಲ್ಲಿ ಆಫೀಸಲ್ಲಿದ್ದೆ, ಸರಿ ಭಾವ ಮತ್ತೆ ನೋಡುವ ಅಂತ ಹೇಳಿ ಫೋನ್ ಇಟ್ಟೆ. ಸರಿಯಾಗಿ ಎರಡು ವಾರ ಕಳೆದು ಇನ್ನೊಂದು ಸೋಮವಾರ ಅವರು ಎರಡೂ ಲಾಟ್ ಮಾರಿ ಹೊರಗೆ ಬಂದ್ರು, ಒಟ್ಟು ನಷ್ಟ 1,05,000 ರೂಪಾಯಿ, ಬ್ರೋಕರೇಜು ಟ್ಯಾಕ್ಸು ಬೇರೆ.

ಅದರ ನಂತರದ ಭಾನುವಾರ ನಾನು ಮಂಗಳೂರಿಗೆ ಹೋಗಿ, ಬಂದರಿನಲ್ಲಿ ಅವರ ಅಡಿಕೆ ಅಂಗಡಿಯಲ್ಲೇ ಕೂತು, ದಿನ ದಿನದ ಲೆಕ್ಕ ತೆಗೆದು ಒಂದು ನೋಟ್‌ಬುಕ್ಕಲ್ಲಿ ಬರೆದೆವು. ಆಗ ಗೊತ್ತಾದದ್ದನ್ನು ಇಲ್ಲಿ ಪೂರ್ತಿ ಬರೀತಿದ್ದೇನೆ, ಭಾವನೇ ಬರಿ ಅಂತ ಹೇಳಿದ್ದು. ಕಂಪನಿ ಹೆಸರು ಬಿಟ್ಟಿದ್ದೇನೆ, ಅಂಕಿಗಳನ್ನು ಓದ್ಲಿಕ್ಕೆ ಸುಲಭ ಆಗ್ಲಿ ಅಂತ ರೌಂಡ್ ಮಾಡಿದ್ದೇನೆ. ಒಂದು ಲಾಟ್ ಅಂದ್ರೆ 1,000 ಶೇರ್ ಅಂತ ಇಟ್ಕೊಳ್ಳಿ.

ಮೊದಲು ಓಪನ್ ಇಂಟರೆಸ್ಟ್ ಅಂದ್ರೆ ಎಂತ ಅಂತ ಒಂದು ಸಲ ಸರಿ ಮಾಡ್ಕೊಳ್ಳುವ, ಯಾಕಂದ್ರೆ ಭಾವ ಐದಾರು ವರ್ಷದಿಂದ ಟ್ರೇಡ್ ಮಾಡ್ತಿದ್ರೂ ಅದು ವಾಲ್ಯೂಮಿನ ತಮ್ಮ ಅಂತ್ಲೇ ತಿಳ್ಕೊಂಡಿದ್ರು. ಅವರಿಗೆ ಅಡಿಕೆ ಲೆಕ್ಕದಲ್ಲಿ ಹೇಳಿದೆ. ನೀವು ಪುತ್ತೂರಿನ ಒಬ್ಬರಿಗೆ ಮುಂದಿನ ತಿಂಗಳು ಹತ್ತು ಗೋಣಿ ಚಾಲಿ ಅಡಿಕೆ ಇಂತಿಷ್ಟು ರೇಟಿಗೆ ಕೊಡ್ತೇನೆ ಅಂತ ಮಾತು ಕೊಟ್ರಿ. ಈಗ ಊರಲ್ಲಿ ಬಾಕಿ ಇರುವ ಮಾತು ಹತ್ತು ಗೋಣಿ. ಪುತ್ತೂರಿನವರು ಆ ಮಾತನ್ನು ಕಾರ್ಕಳದ ಒಬ್ಬರಿಗೆ ಮಾರಿದ್ರು ಅಂದ್ರೆ ವ್ಯಾಪಾರ ಇನ್ನೊಂದು ಹತ್ತು ಗೋಣಿ ಆಯ್ತು, ಆದ್ರೆ ಬಾಕಿ ಇರುವ ಮಾತು ಹತ್ತೇ. ಕೊನೆಗೆ ನೀವೂ ಕಾರ್ಕಳದವರೂ ಕೂತು ರೇಟಿನ ವ್ಯತ್ಯಾಸ ಕೊಟ್ಟು ಮಾತು ಮುರಿದ್ರೆ ಮತ್ತೊಂದು ಹತ್ತು ಗೋಣಿ ವ್ಯಾಪಾರ ಆಯ್ತು, ಬಾಕಿ ಸೊನ್ನೆ. ವ್ಯಾಪಾರದ ಲೆಕ್ಕ ವಾಲ್ಯೂಮ್, ಬಾಕಿ ಇರುವ ಮಾತಿನ ಲೆಕ್ಕ ಓಪನ್ ಇಂಟರೆಸ್ಟ್. ಕೊಳ್ತೇನೆ ಅಂತ ಮಾತು ಮಾಡಿದವರು ಲಾಂಗ್, ಕೊಡ್ತೇನೆ ಅಂದವರು ಶಾರ್ಟ್. ಫ್ಯೂಚರ್ಸಲ್ಲಿ ಹೊಸ ಲಾಂಗ್ ಒಬ್ರೂ ಹೊಸ ಶಾರ್ಟ್ ಒಬ್ರೂ ಸೇರಿದ್ರೆ ಮಾತ್ರ ಅದು ಏರ್ತದೆ, ಹಳೆ ಲಾಂಗೂ ಹಳೆ ಶಾರ್ಟೂ ಒಟ್ಟಿಗೆ ಹೊರಗೆ ಹೋದ್ರೆ ಮಾತ್ರ ಇಳೀತದೆ, ಒಬ್ರು ಬಂದು ಒಬ್ರು ಹೋದ್ರೆ ಅಲ್ಲೇ ನಿಲ್ತದೆ.

ಇದರಿಂದ ಒಂದು ಮುಖ್ಯ ವಿಷಯ ಬರ್ತದೆ. ಪ್ರತಿ ಮಾತಿಗೆ ಎರಡು ಕೈ ಉಂಟು, ಆದ್ದರಿಂದ ಲಾಂಗ್ ಎಷ್ಟೋ ಶಾರ್ಟೂ ಅಷ್ಟೇ, ಯಾವಾಗ್ಲೂ. ಲಾಂಗ್ ಬಿಲ್ಡಪ್ ಅಂತ ಹೇಳಿದ್ರೆ ಲಾಂಗ್ ಜಾಸ್ತಿ ಆಗಿ ಶಾರ್ಟ್ ಕಮ್ಮಿ ಆಯ್ತು ಅಂತ ಅಲ್ಲ. ಎರಡೂ ಜಾಸ್ತಿ ಆಗಿದೆ, ಆದ್ರೆ ರೇಟ್ ಮೇಲೆ ಹೋದ ಕಾರಣ ಕೊಳ್ಳುವವರಿಗೆ ಗಡಿಬಿಡಿ ಇತ್ತು, ಅವರೇ ಮೇಲಿನ ರೇಟ್ ಕೊಟ್ಟು ತಗೊಂಡ್ರು ಅಂತ ಊಹೆ. ಅಷ್ಟೇ. ಓಪನ್ ಇಂಟರೆಸ್ಟ್ ಹೇಳುದು ಹೊಸ ಜನ ಬಂದ್ರಾ ಹಳಬರು ಹೋದ್ರಾ ಅಂತ, ರೇಟ್ ಹೇಳುದು ಯಾರಿಗೆ ಅರ್ಜೆಂಟ್ ಇತ್ತು ಅಂತ. ರೇಟ್ ಏರಿತಾ ಇಳೀತಾ, ಓಪನ್ ಇಂಟರೆಸ್ಟ್ ಏರಿತಾ ಇಳೀತಾ, ಇದರಿಂದ್ಲೇ ನಾಲ್ಕು ಜೋಡಿ ಹುಟ್ಟುದು. ಅವನ್ನು ಬಾಯಿಪಾಠ ಮಾಡುವ ಬದಲು ಭಾವನ ಕೇಸಲ್ಲಿ ಒಂದೊಂದಾಗಿ ಬರುದನ್ನು ನೋಡಿದ್ರೆ ಚೆನ್ನಾಗಿ ತಲೆಗೆ ಹೋಗ್ತದೆ.

ಶುರುವಲ್ಲಿ ಫ್ಯೂಚರ್ 480ರಲ್ಲಿತ್ತು, ಎಲ್ಲಾ ತಿಂಗಳು ಸೇರಿ ಓಪನ್ ಇಂಟರೆಸ್ಟ್ 20,000 ಲಾಟ್. ಆರು ದಿನದಲ್ಲಿ ರೇಟ್ 512 ಆಯ್ತು, ಓಪನ್ ಇಂಟರೆಸ್ಟ್ 24,600. ಎರಡೂ ಏರಿದೆ, ಲಾಂಗ್ ಬಿಲ್ಡಪ್. ಇಲ್ಲಿ ಭಾವ ಓದಿದ್ದು ಸರಿಯೇ, ಸ್ವಲ್ಪ ತಡವಾಗಿ ಮೊದಲ ಲಾಟ್ 510ಕ್ಕೆ ತಗೊಂಡ್ರು. ನಾನು ಇದನ್ನು ತಪ್ಪು ಅಂತ ಹೇಳುದಿಲ್ಲ, ಆರು ದಿನದಲ್ಲಿ ಓಪನ್ ಇಂಟರೆಸ್ಟ್ 23 ಪರ್ಸೆಂಟ್ ಹೆಚ್ಚಾದ್ರೆ ಅದು ಗಮನ ಕೊಡುವ ಸಂಗತಿಯೇ. ಒಂದೆರಡು ಪರ್ಸೆಂಟಿನ ಏರಿಳಿತಕ್ಕೆ ಹೆಸರು ಕೊಡ್ಲಿಕ್ಕೆ ಹೋಗ್ಬಾರ್ದು, ಅದು ದಿನಾ ಆಗುದು, ಆ್ಯಪು ಮಾತ್ರ ಅರ್ಧ ಪರ್ಸೆಂಟಿಗೂ ಒಂದು ಬಣ್ಣ ಹಾಕಿ ತೋರಿಸ್ತದೆ.

ನಂತರದ ಮೂರು ದಿನ ರೇಟ್ 512ರಿಂದ 521ಕ್ಕೆ ಹೋಯ್ತು, ಆದ್ರೆ ಓಪನ್ ಇಂಟರೆಸ್ಟ್ 24,600ರಿಂದ 22,900ಕ್ಕೆ ಇಳೀತು. ಭಾವ ನೋಡಿದ್ದು ರೇಟ್ ಮಾತ್ರ, 521ಕ್ಕೆ ಎರಡನೇ ಲಾಟ್ ತಗೊಂಡ್ರು. ಈ ಜೋಡಿಯ ಹೆಸರು ಶಾರ್ಟ್ ಕವರಿಂಗ್. 480, 490ರಲ್ಲಿ ಶಾರ್ಟ್ ಮಾಡಿದವರು ನಷ್ಟ ತಡೀಲಿಕ್ಕೆ ಆಗದೆ ವಾಪಸ್ ಕೊಳ್ತಿದ್ದಾರೆ, ಅವರಿಗೆ ಮಾರ್ತಿರುವವರು ಮೊದಲೇ ಲಾಭದಲ್ಲಿರುವ ಲಾಂಗಿನವರು. ಮೇಲೆ ದೂಡ್ತಿರುವುದು ಕೊಳ್ಳುವವರ ಕೈಯೇ, ಆದ್ರೆ ಆ ಕೈಗೆ ಒಂದು ಮಿತಿ ಉಂಟು, ಶಾರ್ಟ್ ಮುಗಿದ ಮೇಲೆ ಅವರಿಗೆ ಕೊಳ್ಳಲಿಕ್ಕೆ ಕಾರಣ ಇಲ್ಲ. ಶಾರ್ಟ್ ಕವರಿಂಗ್ ಬಂದ ಕೂಡ್ಲೇ ರೇಟ್ ಬಿದ್ದೇ ಬೀಳ್ತದೆ ಅಂತಲ್ಲ, ಎಷ್ಟೋ ಸಲ ದೊಡ್ಡ ಏರಿಕೆ ಶುರು ಆಗುದೇ ಹೀಗೆ. ನೋಡ್ಬೇಕಾದ್ದು ಅದರ ನಂತರದ ಒಂದೆರಡು ದಿನ: ಹಳಬರು ಹೋದ ಜಾಗಕ್ಕೆ ಹೊಸಬರು ಬಂದ್ರಾ, ಅಂದ್ರೆ ಓಪನ್ ಇಂಟರೆಸ್ಟ್ ರೇಟಿನ ಒಟ್ಟಿಗೆ ಪುನಃ ಏರ್ಲಿಕ್ಕೆ ಶುರು ಆಯ್ತಾ ಅಂತ. ಇಲ್ಲಿ ಬರ್ಲಿಲ್ಲ. ಬುಧವಾರ ಕ್ಲೋಸಿಂಗಿಗೆ ರೇಟ್ 519, ಓಪನ್ ಇಂಟರೆಸ್ಟ್ 23,000, ಎಲ್ಲಿತ್ತೋ ಅಲ್ಲೇ.

ಅವತ್ತು ಸಂಜೆ ಕಂಪನಿಯ ರಿಸಲ್ಟ್ ಬಂತು, ಮಾರ್ಕೆಟಿಗೆ ಇಷ್ಟ ಆಗ್ಲಿಲ್ಲ. ಮುಂದಿನ ಮಂಗಳವಾರ ಎಕ್ಸ್‌ಪೈರಿ. ಈ ಕೇಸಿನ ಜೀವ ಇರುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗುವ.

ನಮ್ಮ ಸ್ಟಾಕ್ ಫ್ಯೂಚರ್ಸಲ್ಲಿ ಯಾವಾಗ್ಲೂ ಮೂರು ತಿಂಗಳ ಕಾಂಟ್ರ್ಯಾಕ್ಟ್ ಒಟ್ಟಿಗೆ ನಡೀತದೆ, ಈ ತಿಂಗಳು, ಮುಂದಿನ ತಿಂಗಳು, ಅದರಾಚೆದು. ಎನ್‌ಎಸ್‌ಇಯಲ್ಲಿ 2025ರ ಸೆಪ್ಟೆಂಬರಿಂದ ತಿಂಗಳ ಕೊನೇ ಮಂಗಳವಾರ ಎಕ್ಸ್‌ಪೈರಿ, ಮೊದಲು ಗುರುವಾರ ಇತ್ತು. ಎಕ್ಸ್‌ಪೈರಿವರೆಗೆ ಇಟ್ಕೊಂಡ್ರೆ 2019ರ ಅಕ್ಟೋಬರಿಂದ ಎಲ್ಲಾ ಸ್ಟಾಕ್ ಫ್ಯೂಚರ್ಸಿಗೂ ಡೆಲಿವರಿ ತಗೊಳ್ಬೇಕು ಇಲ್ಲ ಕೊಡ್ಬೇಕು, ಅಂದ್ರೆ ಭಾವನ ಒಂದೊಂದು ಲಾಟಿಗೆ ಹತ್ತಿರ ಹತ್ತಿರ ಐದು ಲಕ್ಷದ ಶೇರು. ಅದು ಹೆಚ್ಚಿನವರಿಗೆ ಬೇಡ, ಕೊನೇ ದಿನಗಳಲ್ಲಿ ಬ್ರೋಕರ್‌ಗಳು ಮಾರ್ಜಿನ್, ಅಂದ್ರೆ ಅವರಲ್ಲಿ ಇಡ್ಬೇಕಾದ ಹಣ ಕೂಡ ಜಾಸ್ತಿ ಮಾಡ್ತಾರೆ, ಹಾಗಾಗಿ ಪೊಸಿಷನ್ ಬೇಕು ಅಂತ ಇರುವವರು ಈ ತಿಂಗಳದ್ದು ಮುಚ್ಚಿ ಮುಂದಿನ ತಿಂಗಳದ್ದು ತೆರೀತಾರೆ. ಇದು ರೋಲ್‌ಓವರ್. ಲಾಂಗಿನವರೂ ಶಾರ್ಟಿನವರೂ ರೋಲ್ ಮಾಡ್ತಾ ಹೋದ ಹಾಗೆ ಈ ತಿಂಗಳ ಓಪನ್ ಇಂಟರೆಸ್ಟ್ ಇಳೀತದೆ, ಅವರು ಮಾರ್ಕೆಟ್ ಬಿಟ್ಟು ಹೋಗದಿದ್ರೂ. ಅಂದ್ರೆ ಎಕ್ಸ್‌ಪೈರಿ ವಾರದಲ್ಲಿ ಈ ತಿಂಗಳ ಕಾಂಟ್ರ್ಯಾಕ್ಟನ್ನು ಒಂದೇ ನೋಡಿದ್ರೆ ನಾಲ್ಕರಲ್ಲಿ ಹೆಚ್ಚಾಗಿ ಎರಡೇ ಹೆಸರು ಕಾಣುದು: ರೇಟ್ ಇಳಿದ್ರೆ ಲಾಂಗ್ ಅನ್‌ವೈಂಡಿಂಗ್, ಏರಿದ್ರೆ ಶಾರ್ಟ್ ಕವರಿಂಗ್. ಆ ವಾರ ಹೆಚ್ಚಿನ ಶೇರಿಗೂ ಹಾಗೇ ಬರ್ತದೆ, ನಿಜ ಎಂತದೇ ಆಗಿರ್ಲಿ.

ಭಾವನ ಆ್ಯಪ್ ತೋರಿಸ್ತಿದ್ದದ್ದು ಅದನ್ನೇ. ಬುಧವಾರ ಈ ತಿಂಗಳದ್ದು 18,000 ಲಾಟ್ ಇತ್ತು, ಸೋಮವಾರಕ್ಕೆ 7,000. ರೇಟ್ 519ರಿಂದ 495. ಕೆಂಪು ಬಣ್ಣದಲ್ಲಿ ಲಾಂಗ್ ಅನ್‌ವೈಂಡಿಂಗ್. ಹನ್ನೊಂದು ಸಾವಿರ ಲಾಟ್ ಖಾಲಿ ಆದ್ರೆ ಯಾರಿಗಾದ್ರೂ ಮಾರುವವರು ಮುಗಿದ್ರು ಅಂತ್ಲೇ ಅನ್ನಿಸ್ತದೆ.

ಆದ್ರೆ ಮುಂದಿನ ತಿಂಗಳದ್ದು ಬುಧವಾರ 5,000 ಇದ್ದದ್ದು ಸೋಮವಾರಕ್ಕೆ 20,500 ಆಗಿತ್ತು. ಅದರಾಚೆ ತಿಂಗಳದ್ದು ಲೆಕ್ಕಕ್ಕೆ ಬರುವಷ್ಟು ಇರ್ಲಿಲ್ಲ, ಹಾಗಾಗಿ ಎರಡನ್ನೂ ಕೂಡಿಸಿ: 23,000 ಇದ್ದದ್ದು 27,500. ರೋಲ್‌ಓವರ್ ಅಂದ್ರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುದು, ಮನೆಯ ಒಟ್ಟು ಜನ ಅದರಿಂದ ಹೆಚ್ಚಾಗುದಿಲ್ಲ. ಹಾಗಾದ್ರೆ ಹೆಚ್ಚಾದ 4,500 ಲಾಟ್ ಹೊಸದೇ ಆಗಿರ್ಬೇಕು. ರೇಟ್ 24 ರೂಪಾಯಿ ಇಳಿಯುವಾಗ ಹೊಸ ಲಾಟ್ ಹುಟ್ಟಿದೆ ಅಂದ್ರೆ ಅದು ಶಾರ್ಟ್ ಬಿಲ್ಡಪ್, ಮಾರುವವರು ಮುಗಿದದ್ದಲ್ಲ, ಹೊಸ ಮಾರುವವರು ಬಂದದ್ದು. ಭಾವ ಓದಿದ ಹೆಸರಿಗೂ ನಿಜಕ್ಕೂ ಪೂರ್ತಿ ವ್ಯತ್ಯಾಸ.

ನೋಟ್‌ಬುಕ್ಕಲ್ಲಿ ದಿನವಾರು ಬರೆದಾಗ ಇನ್ನೂ ಸ್ಪಷ್ಟ ಆಯ್ತು. ರಿಸಲ್ಟ್ ಮರುದಿನ ಗುರುವಾರ ರೇಟ್ ಒಂದೇ ದಿನ 519ರಿಂದ 502, ಈ ತಿಂಗಳದ್ದು 14,200, ಮುಂದಿನದ್ದು 12,100, ಒಟ್ಟು 26,300. ಒಂದೇ ದಿನಕ್ಕೆ 3,300 ಹೊಸ ಲಾಟ್. ಶುಕ್ರವಾರ ಸಂಜೆ ಒಟ್ಟು 26,700, ಸೋಮವಾರ 27,500. ಗುರುವಾರ ಸಂಜೆಯೇ ಎರಡು ಅಂಕಿ ಕೂಡಿಸಿದ್ರೆ ಸಾಕಿತ್ತು. ಭಾವ ಆ ಪುಟವನ್ನು ತುಂಬಾ ಹೊತ್ತು ನೋಡಿದ್ರು, "ಗುರುವಾರವೇ ಇತ್ತಲ್ಲ ಇದು" ಅಂತ ಒಂದೇ ಮಾತು ಹೇಳಿದ್ರು, ನನಗೂ ಬೇಜಾರಾಯ್ತು, ಸೋಮವಾರ ಫೋನಲ್ಲಿ ಎರಡು ನಿಮಿಷ ಜಾಸ್ತಿ ಮಾತಾಡ್ಬೇಕಿತ್ತು ನಾನು.

ಅವರು ಒಂದು ಒಳ್ಳೆ ಪ್ರಶ್ನೆ ಕೇಳಿದ್ರು. "ಕೋಣೆ ಬದಲಿಸಿದವರಲ್ಲಿ ಲಾಂಗೂ ಇದ್ದಾರೆ ಶಾರ್ಟೂ ಇದ್ದಾರೆ, ನನ್ನ ಹಾಗೆ ರೋಲ್ ಮಾಡಿದವರೇ ಜಾಸ್ತಿ ಅಲ್ಲ ಅಂತ ಹೇಗೆ ಗೊತ್ತಾಗುದು?" ಜಾಸ್ತಿ ಕಮ್ಮಿ ಅಂತ ಗೊತ್ತಾಗುದಿಲ್ಲ, ಎರಡೂ ಕಡೆ ಸಮ. ಆದ್ರೆ ಯಾರಿಗೆ ಅರ್ಜೆಂಟ್ ಅಂತ ಒಂದು ಕಡೆ ಕಾಣ್ತದೆ, ಎರಡು ತಿಂಗಳ ರೇಟಿನ ನಡುವಿನ ಅಂತರದಲ್ಲಿ. ಮುಂದಿನ ತಿಂಗಳ ಫ್ಯೂಚರ್ ಸಾಮಾನ್ಯಕ್ಕೆ ಸ್ವಲ್ಪ ದುಬಾರಿ ಇರ್ತದೆ, ಒಂದು ತಿಂಗಳ ಬಡ್ಡಿಯಷ್ಟು. 500 ರೂಪಾಯಿಯ ಶೇರಿಗೆ ವರ್ಷಕ್ಕೆ 7 ಪರ್ಸೆಂಟ್ ಅಂತ ಹಾಕಿದ್ರೆ ಮೂರು ರೂಪಾಯಿ ಹತ್ತಿರ. ಬುಧವಾರ ಈ ತಿಂಗಳದ್ದು 519, ಮುಂದಿನದ್ದು 522, ಸರಿಯಾಗಿ ಮೂರು. ಲಾಂಗಿನವರು ರೋಲ್ ಮಾಡುವಾಗ ಈ ತಿಂಗಳದ್ದು ಮಾರಿ ಮುಂದಿನದ್ದು ಕೊಳ್ತಾರೆ, ಅವರಿಗೆ ಗಡಿಬಿಡಿ ಇದ್ರೆ ಅಂತರ ಅಗಲ ಆಗ್ತದೆ. ಶಾರ್ಟಿನವರು ಉಲ್ಟಾ, ಈ ತಿಂಗಳದ್ದು ಕೊಂಡು ಮುಂದಿನದ್ದು ಮಾರ್ತಾರೆ, ಹೊಸ ಶಾರ್ಟಿನವರೂ ಎಕ್ಸ್‌ಪೈರಿ ಹತ್ತಿರ ಇರುವಾಗ ಮಾರುದು ಮುಂದಿನ ತಿಂಗಳದ್ದನ್ನೇ, ಅವರ ಒತ್ತಡ ಜಾಸ್ತಿ ಆದ್ರೆ ಅಂತರ ಕುಗ್ಗುತ್ತದೆ. ಸೋಮವಾರ ಭಾವ 495ಕ್ಕೆ ಮಾರಿ 496ಕ್ಕೆ ಕೊಂಡದ್ದು. ಅಂತರ ಒಂದೇ ರೂಪಾಯಿ.

ಅವತ್ತು ಅವರಿಗೆ ಅದು ಲಾಭ ಅಂತ ಕಂಡಿತ್ತು, ರೋಲ್ ಅಗ್ಗಕ್ಕೆ ಸಿಕ್ಕಿತು ಅಂತ ಫೋನಲ್ಲಿ ಖುಷಿಯಿಂದ್ಲೇ ಹೇಳಿದ್ದು. ಅಗ್ಗ ಆದದ್ದು ಯಾಕಂದ್ರೆ ಎದುರಿಗೆ ಮುಂದಿನ ತಿಂಗಳದ್ದನ್ನು ಮಾರ್ಲಿಕ್ಕೆ ಕ್ಯೂ ಇತ್ತು. ಒಂದು ಎಚ್ಚರಿಕೆ ಉಂಟು ಇಲ್ಲಿ, ಮುಂದಿನ ತಿಂಗಳು ಕಂಪನಿ ಡಿವಿಡೆಂಡ್ ಕೊಡ್ಲಿಕ್ಕಿದ್ರೆ ಅಷ್ಟು ರೂಪಾಯಿ ಫ್ಯೂಚರ್ ರೇಟಲ್ಲಿ ಮೊದಲೇ ಕಮ್ಮಿ ಆಗಿರ್ತದೆ, ಆಗ ಅಂತರ ಕುಗ್ಗಿದ್ದಕ್ಕೆ ಶಾರ್ಟ್ ಕಾರಣ ಅಲ್ಲ. ನಾವು ನೋಡಿದೆವು, ಆ ತಿಂಗಳು ಡಿವಿಡೆಂಡ್ ಎಂತದ್ದೂ ಇರ್ಲಿಲ್ಲ.

ಮಂಗಳವಾರ ಎಕ್ಸ್‌ಪೈರಿ ಆಯ್ತು. ಆ ದಿನ ಈ ತಿಂಗಳದ್ದರಲ್ಲಿ ಉಳಿದದ್ದೆಲ್ಲ ಸೊನ್ನೆ ಆಗ್ತದೆ, ಹಾಗಾಗಿ ಒಟ್ಟು ಕೂಡ ದೊಡ್ಡದಾಗಿ ಇಳೀತದೆ, ಅದನ್ನು ಯಾವ ಹೆಸರಿಗೂ ಸೇರಿಸ್ಬಾರ್ದು. ನಾನು ಆ ಒಂದು ದಿನವನ್ನು ಬಿಟ್ಟೇ ಬಿಡುದು, ಬುಧವಾರದ ಅಂಕಿಯಿಂದ ಹೊಸದಾಗಿ ಲೆಕ್ಕ ಶುರು ಮಾಡುದು. ಬುಧವಾರ ರೇಟ್ 491, ಒಟ್ಟು 24,800.

ಅಲ್ಲಿಂದ ಇನ್ನೊಂದು ಬುಧವಾರಕ್ಕೆ ರೇಟ್ 478, ಒಟ್ಟು 27,200. ಶಾರ್ಟ್ ಬಿಲ್ಡಪ್ ಮುಂದುವರಿದದ್ದು, ಈಗ ರೋಲ್‌ಓವರ್ ಗೊಂದಲ ಇಲ್ಲ, ಆ್ಯಪಲ್ಲೂ ಅದೇ ಹೆಸರು ಬಂತು. ಆದ್ರೆ ಭಾವ ಅಷ್ಟರಲ್ಲಿ ಮಾರುವವರು ಮುಗಿದಿದ್ದಾರೆ ಅಂತ ನಂಬಿ ಆಗಿತ್ತು. ಇಂಥ ಹೊತ್ತಲ್ಲಿ ಒಂದು ಸಂಗತಿ ಮರೆತು ಹೋಗ್ತದೆ: ಆ ಹೊಸ ಶಾರ್ಟ್‌ಗಳ ಎದುರಿನ ಕೈ ಯಾರದ್ದು? ಇಳಿದಾಗ ಅಗ್ಗ ಅಂತ ಕೊಂಡವರದ್ದು, ಭಾವನ ಹಾಗೆ ರೋಲ್ ಮಾಡಿ ಕಾದವರದ್ದು. ಅವರೆಲ್ಲ ದಿನಾ ಸ್ವಲ್ಪ ಸ್ವಲ್ಪ ನಷ್ಟದಲ್ಲಿ, ಸಂಜೆ ಸಂಜೆ ಮಾರ್ಕ್ ಟು ಮಾರ್ಕೆಟ್ ಹಣ ಅಕೌಂಟಿಂದ ಹೋಗ್ತಾ ಇರ್ತದೆ. ಅವರಿಗೆ ತಡೀಲಿಕ್ಕೆ ಆಗದೆ ಹೋದಾಗ ಬರುದೇ ನಾಲ್ಕನೇ ಜೋಡಿ.

ಗುರುವಾರ, ಶುಕ್ರವಾರ, ಸೋಮವಾರ, ಮೂರು ದಿನದಲ್ಲಿ ರೇಟ್ 478ರಿಂದ 463, ಒಟ್ಟು 27,200ರಿಂದ 23,500. ಎಕ್ಸ್‌ಪೈರಿ ಹತ್ತಿರ ಇಲ್ಲ, ಎಲ್ಲಾ ತಿಂಗಳು ಕೂಡಿಸಿಯೂ ಇಳಿದಿದೆ, ಇದು ನಿಜವಾದ ಲಾಂಗ್ ಅನ್‌ವೈಂಡಿಂಗ್. ಸೋಮವಾರ ಭಾವ 464ಕ್ಕೆ ಎರಡೂ ಲಾಟ್ ಮಾರಿದ್ರು, ಆ 3,700 ಲಾಟಲ್ಲಿ ಅವರ ಎರಡೂ ಉಂಟು. ಅವರಿಂದ ಕೊಂಡವರು ಬಹುಶಃ 500ರ ಹತ್ತಿರ ಶಾರ್ಟ್ ಮಾಡಿ ಈಗ ಲಾಭ ತಗೊಂಡು ಹೋಗುವವರು. ಎರಡು ವಾರ ಮೊದಲು ಇಲ್ಲದ ಅನ್‌ವೈಂಡಿಂಗನ್ನು ಕಂಡು ಇಟ್ಕೊಂಡ್ರು, ನಿಜವಾದದ್ದು ಬಂದಾಗ ಅದರ ಒಳಗೇ ಇದ್ರು. ಮತ್ತೆ ನಾಲ್ಕು ದಿನದಲ್ಲಿ ರೇಟ್ 463ರಿಂದ 479, ಒಟ್ಟು 21,000ಕ್ಕೆ ಇಳೀತು, ಉಳಿದ ಶಾರ್ಟ್‌ಗಳ ಕವರಿಂಗ್.

ಹಣದ ಲೆಕ್ಕ ಹೀಗೆ: 510 ಮತ್ತು 521ಕ್ಕೆ ಕೊಂಡು 495ಕ್ಕೆ ಮಾರಿದ್ದರಲ್ಲಿ 41,000, ರೋಲ್ ಮಾಡಿ 496ರಿಂದ 464ಕ್ಕೆ ಬಂದದ್ದರಲ್ಲಿ 64,000. ಮೊದಲನೇದು ರಿಸಲ್ಟಿನ ನಷ್ಟ, ಓಪನ್ ಇಂಟರೆಸ್ಟ್ ನೋಡಿದ್ರೆ ಅದು ತಪ್ತಿತ್ತು ಅಂತ ನಾನು ಹೇಳುದಿಲ್ಲ, ರಿಸಲ್ಟ್ ಎಂತ ಬರ್ತದೆ ಅಂತ ಅದು ಹೇಳುದಿಲ್ಲ. ಎರಡನೇದು ತಪ್ಪಾಗಿ ಓದಿದ್ದರ ನಷ್ಟ.

ಇನ್ನೊಂದು ಮಿತಿ ಹೇಳ್ಲೇಬೇಕು. ಯಾರಾದ್ರೂ ಕ್ಯಾಶ್ ಮಾರ್ಕೆಟಲ್ಲಿ ಶೇರ್ ಕೊಂಡು ಅದಕ್ಕೆ ಸರಿಯಾಗಿ ಫ್ಯೂಚರ್ ಮಾರಿಟ್ರೆ, ಬಡ್ಡಿಯಷ್ಟು ಅಂತರ ಸಿಕ್ಕಿದ್ರೆ ಸಾಕು ಅಂತ, ಅದು ಕೂಡ ಓಪನ್ ಇಂಟರೆಸ್ಟಲ್ಲಿ ಶಾರ್ಟ್ ಅಂತ್ಲೇ ಲೆಕ್ಕ. ಅವರಿಗೆ ರೇಟ್ ಇಳೀಬೇಕು ಅಂತ ಆಸೆಯೇ ಇಲ್ಲ. ಅಂಕಿಯಲ್ಲಿ ಅವರಿಗೂ ನಿಜವಾಗಿ ಇಳೀತದೆ ಅಂತ ಮಾರಿದವರಿಗೂ ವ್ಯತ್ಯಾಸ ಕಾಣುದಿಲ್ಲ. ಆದ್ರೆ ಅಂತರ ಮೂರಿಂದ ಒಂದಕ್ಕೆ ಬಿದ್ದಾಗ ಅಂಥವರು ಹೊಸದಾಗಿ ಬರುದು ಕಷ್ಟ, ಅವರಿಗೆ ಉಳಿಯುದೇ ಆ ಅಂತರ, ಹಾಗಾಗಿ ಈ ಕೇಸಲ್ಲಿ ಆ 4,500 ಲಾಟ್ ಅವರದ್ದಲ್ಲ ಅಂತ ನನ್ನ ಅಭಿಪ್ರಾಯ.

ಈಗ ಭಾವ ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ಎನ್‌ಎಸ್‌ಇ ಸೈಟಿಂದ ಎಫ್ ಆ್ಯಂಡ್ ಓ ಭಾವ್‌ಕಾಪಿ, ಅಂದ್ರೆ ಫ್ಯೂಚರ್ಸ್ ಮತ್ತು ಆಪ್ಷನ್ಸಿನ ದಿನದ ಅಂಕಿಗಳ ಫೈಲ್ ಇಳಿಸ್ತಾರೆ, ಹಗಲಲ್ಲಿ ಆ್ಯಪ್ ತೋರಿಸುವ ಅಂಕಿ ಅಲ್ಲ, ದಿನದ ಕೊನೆಯದ್ದು. ಅದರಲ್ಲಿ ಅವರ ಶೇರಿನ ಫ್ಯೂಚರ್ಸಿಗೆ ಎಕ್ಸ್‌ಪೈರಿ ತಾರೀಕು `XpryDt` ಬೇರೆ ಬೇರೆ ಇರುವ ಮೂರು ಸಾಲು ಉಂಟು, ಮೂರರ `OpnIntrst` ಕೂಡಿಸ್ತಾರೆ. ಅದು ಲಾಟಲ್ಲಿ ಇರುದಿಲ್ಲ, ಶೇರ್ ಲೆಕ್ಕದಲ್ಲಿರ್ತದೆ, ಲಾಟ್ ಸೈಜಿಂದ ಭಾಗಿಸ್ಬೇಕು, ಮೊದಲ ದಿನ ಹಾಗೇ ಬರೆದು 2 ಕೋಟಿ ಲಾಟ್ ಅಂತ ಹೆದರಿ ನನಗೆ ಫೋನ್ ಮಾಡಿದ್ರು. ನೋಟ್‌ಬುಕ್ಕಲ್ಲಿ ಐದು ಕಾಲಂ: ತಾರೀಕು, ರೇಟ್, ಈ ತಿಂಗಳು, ಒಟ್ಟು, ಎರಡು ತಿಂಗಳ ಅಂತರ. ಹೆಸರಿನ ಕಾಲಂ ಬೇಕಾ ಅಂತ ಕೇಳಿದ್ರು, ಬೇಡ ಭಾವ, ಅಂಕಿ ನೋಡಿ ನೀವೇ ಹೇಳಿ ಅಂದೆ.